ಸಾಲ ತೀರಲು ಅಲಿ(ರ) ಕಲಿಸಿದ ದುಆ: ಎಷ್ಟು ಸಲ ಹೇಳಬೇಕು? ಅರ್ಥ ಏನು?

ಹಸಿರು ಬಾಗಿಲು

ಅಸ್ಸಲಾಮು ಅಲೈಕುಮ್. ಅಣ್ಣನ ವ್ಯಾಪಾರ ಮುಳುಗಿ ಎರಡು ವರ್ಷ ಆಯ್ತು. ಸಾಲ ಮಾತ್ರ ಹಾಗೇ ಇದೆ. ಊಟಕ್ಕೆ ಕೂತಾಗ ಫೋನನ್ನು ಮಗುಚಿ ಇಡುತ್ತಾನೆ. ಅದು ಗುಂಯ್ ಎಂದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ. ಯಾರ ಕರೆ ಅಂತ ನಾವು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಯಾರೋ ಒಂದು ದುಆ ಕಳಿಸಿದ್ದರು. ಜೊತೆಗೆ ಹೀಗೆ ಬರೆದಿತ್ತು: ಇಶಾ ಆದ ಮೇಲೆ 313 ಸಲ, 41 ದಿನ ಬಿಡದೆ ಹೇಳಬೇಕು, ಒಂದು ದಿನ ತಪ್ಪಿದರೂ ಮೊದಲಿಂದ ಶುರು ಮಾಡಬೇಕು. ಅಣ್ಣ ನಿಷ್ಠೆಯಿಂದ ಹೇಳುತ್ತಿದ್ದ. 17ನೇ ದಿನ ಜ್ವರ ಬಂದು ಹಾಗೇ ಮಲಗಿಬಿಟ್ಟ. ಬೆಳಗ್ಗೆ ಎದ್ದು, "ಅದೂ ಕೈ ತಪ್ಪಿತು" ಅಂದ. ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನ ಇಲ್ಲ.

ದುಆ ಇದು: ಅಲ್ಲಾಹುಮ್ಮಕ್ಫಿನೀ ಬಿಹಲಾಲಿಕ ಅನ್ ಹರಾಮಿಕ, ವ ಅಗ್ನಿನೀ ಬಿಫಝ್ಲಿಕ ಅಮ್ಮನ್ ಸಿವಾಕ.

ಈ ಲೆಕ್ಕ ನಿಜವಾ? ಇದರ ಅರ್ಥವನ್ನೂ ಯಾರಾದರೂ ಸರಿಯಾಗಿ ಹೇಳಿ.

ದರ್ಸ್ ವಿದ್ಯಾರ್ಥಿ

ವ ಅಲೈಕುಮುಸ್ಸಲಾಮ್. ಮೊದಲು ಅಣ್ಣನಿಗೆ ಹೇಳಿ, ಏನೂ ಕೈ ತಪ್ಪಿಲ್ಲ. ಈ ದುಆ ತಿರ್ಮಿದಿಯಲ್ಲಿ ಅಲಿ(ರ) ಅವರಿಂದ ಬಂದಿದೆ. ಅಲ್ಲಿ 313 ಇಲ್ಲ, 41 ದಿನ ಇಲ್ಲ, ಇಶಾ ಕೂಡ ಇಲ್ಲ. ಸಂಖ್ಯೆಯೂ ಇಲ್ಲ, ಸಮಯವೂ ಇಲ್ಲ. ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಹೇಳಬಹುದು. ತನ್ನ ನೆನಪಿಗಾಗಿ ಒಬ್ಬರು ಒಂದು ಲೆಕ್ಕ ಇಟ್ಟುಕೊಂಡರೆ ಅದು ಬೇರೆ ಮಾತು. ಆದರೆ "ಒಂದು ದಿನ ತಪ್ಪಿದರೆ ಫಲ ಇಲ್ಲ" ಎಂದು ಪ್ರವಾದಿಯವರ(ಸ) ಹೆಸರಿನಲ್ಲಿ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಸಾಲದಲ್ಲಿ ಇರುವವನ ತಲೆ ಮೇಲೆ ಇನ್ನೊಂದು ಸಾಲ ಹೊರಿಸಿದ ಹಾಗಾಯ್ತು ಅದು.

ಹದೀಸಿನ ಸಂದರ್ಭ ಗೊತ್ತಾದರೆ ದುಆ ಬೇರೆಯೇ ಥರ ಕೇಳಿಸುತ್ತದೆ. ಅಲಿ(ರ) ಬಳಿಗೆ ಬಂದವನು ವ್ಯಾಪಾರಿ ಅಲ್ಲ, ಒಬ್ಬ ಗುಲಾಮ. ಆ ಕಾಲದಲ್ಲಿ ಗುಲಾಮನು ಯಜಮಾನನ ಜೊತೆ ಇಷ್ಟು ಹಣಕ್ಕೆ ನನ್ನ ಬಿಡುಗಡೆ ಅಂತ ಕರಾರು ಮಾಡಿಕೊಂಡು ಕಂತಿನಲ್ಲಿ ಕಟ್ಟಬಹುದಿತ್ತು. ಬರೀರಾ(ರ) ಅವರ ಕರಾರು ಬುಖಾರಿಯಲ್ಲಿದೆ: 9 ಊಖಿಯಾ ಬೆಳ್ಳಿ, ವರ್ಷಕ್ಕೊಂದರಂತೆ. ಅಂಥದ್ದೇ ಕರಾರು ಮಾಡಿಕೊಂಡ ಒಬ್ಬ ಬಂದು, "ಕಟ್ಟಲು ಆಗುತ್ತಿಲ್ಲ, ಸಹಾಯ ಮಾಡಿ" ಎಂದ. ಅಂದರೆ ಅವನ ಪಾಲಿಗೆ ಸಾಲ ತೀರುವುದು ಬೇರೆ ಅಲ್ಲ, ಬಿಡುಗಡೆ ಆಗುವುದು ಬೇರೆ ಅಲ್ಲ. ಅಲಿ(ರ) ಹೇಳಿದರು: ಪ್ರವಾದಿಯವರು(ಸ) ನನಗೆ ಕಲಿಸಿದ ಮಾತುಗಳನ್ನು ನಿನಗೆ ಕಲಿಸಲಾ? ಪರ್ವತದಷ್ಟು ಸಾಲ ನಿನ್ನ ಮೇಲಿದ್ದರೂ ಅಲ್ಲಾಹನು ತೀರಿಸುತ್ತಾನೆ. ಆಮೇಲೆ ಈ ದುಆ ಹೇಳಿಕೊಟ್ಟರು.

ಅರ್ಥ: ಅಲ್ಲಾಹನೇ, ಹರಾಮಿನ ಕಡೆ ಕೈ ಚಾಚದಂತೆ ನಿನ್ನ ಹಲಾಲೇ ನನಗೆ ಸಾಕಾಗುವಂತೆ ಮಾಡು. ನಿನ್ನನ್ನು ಬಿಟ್ಟು ಬೇರೆ ಯಾರ ಹಂಗೂ ಇಲ್ಲದಂತೆ ನಿನ್ನ ಅನುಗ್ರಹದಿಂದ ನನ್ನನ್ನು ನಡೆಸು.

ಗಮನಿಸಿ, ಇದರಲ್ಲಿ ಸಾಲ ಅನ್ನುವ ಪದವೇ ಇಲ್ಲ. ಹಣ ಕೊಡು ಅಂತಲೂ ಇಲ್ಲ.

ಇನ್ನೊಂದು ಮಾತು. ಕನ್ನಡದಲ್ಲಿ "ಅಗ್ನಿನೀ" ಅಂತ ಬರೆದರೆ ನಾವು ಬೆಂಕಿಯ ಅಗ್ನಿಯ ಹಾಗೆ ಓದಿಬಿಡುತ್ತೇವೆ. ಅದು ಘೈನ್ ಅಕ್ಷರ, ಗಂಟಲಿನಿಂದ ಬರಬೇಕು. "ಅಘ್‌ನಿನೀ" ಅಂತ ಬರೆದರೆ ಸ್ವಲ್ಪ ಹತ್ತಿರ. ಅಲ್ಲಾಹನ ಹೆಸರು "ಅಲ್ ಘನಿಯ್ಯ್" ಇದೆಯಲ್ಲ, ಯಾರ ಅಗತ್ಯವೂ ಇಲ್ಲದವನು, ಅದೇ ಮೂಲದ ಪದ. ಅರಬಿ ಓದಲು ಬರುವ ಒಬ್ಬರ ಹತ್ತಿರ ಒಂದು ಸಲ ಕೇಳಿಸಿಕೊಂಡರೆ ಸಾಕು.

ಮುಸಾಫಿರ್

ಇದಕ್ಕಿಂತ ಗಟ್ಟಿಯಾದ ದುಆ ಬೇರೆ ಇದೆ. ಅಬೂ ಉಮಾಮಾ(ರ) ನಮಾಝಿನ ಸಮಯ ಅಲ್ಲದಾಗ ಮಸೀದಿಯಲ್ಲಿ ಕೂತಿದ್ದರು. ಯಾಕೆ ಅಂತ ಪ್ರವಾದಿಯವರು(ಸ) ಕೇಳಿದಾಗ ಚಿಂತೆ ಮತ್ತು ಸಾಲ ಅಂದರು. ಆಗ "ಅಲ್ಲಾಹುಮ್ಮ ಇನ್ನೀ ಅಊದು ಬಿಕ ಮಿನಲ್ ಹಮ್ಮಿ ವಲ್ ಹಝನ್" ಅಂತ ಶುರುವಾಗುವ ದುಆವನ್ನು ಬೆಳಗ್ಗೆ ಸಂಜೆ ಹೇಳಲು ಕಲಿಸಿದರು. ಅವರ ಸಾಲ ತೀರಿತು. ಇದು ಬುಖಾರಿಯಲ್ಲೇ ಇದೆ, ಹಾಗಾಗಿ ಸಂದೇಹ ಇಲ್ಲ. ಅದನ್ನೇ ಹೇಳಿ ಸಾಕು.

ದರ್ಸ್ ವಿದ್ಯಾರ್ಥಿ

ಮುಸಾಫಿರ್ ಭಾಯ್, ಅರ್ಧ ಸರಿ. ಅಬೂ ಉಮಾಮಾ(ರ) ಅವರ ಘಟನೆ ಇರುವುದು ಅಬೂದಾವೂದ್‌ನಲ್ಲಿ, ಅದರ ಸನದಿನಲ್ಲಿ, ಅಂದರೆ ಹೇಳುತ್ತಾ ಬಂದವರ ಸರಪಳಿಯಲ್ಲಿ, ದೌರ್ಬಲ್ಯ ಇದೆ. ಬುಖಾರಿಯಲ್ಲಿ ಇರುವುದು ಅನಸ್(ರ) ಹೇಳಿದ್ದು. ಪ್ರವಾದಿಯವರು(ಸ) ಹೆಚ್ಚಾಗಿ ಹೇಳುತ್ತಿದ್ದ ದುಆ ಅಂತ ಅವರು ಹೇಳುತ್ತಾರೆ. ಮಾತುಗಳು ಬಹುಪಾಲು ಒಂದೇ, ಕೊನೆಯಲ್ಲಿ "ವ ಝಲಇದ್ದೈನಿ ವ ಘಲಬತಿರ್ರಿಜಾಲ್" ಅಂತ ಬರುತ್ತದೆ. ಸಾಲದ ಭಾರದಿಂದಲೂ ಜನರ ದಬ್ಬಾಳಿಕೆಯಿಂದಲೂ ರಕ್ಷಣೆ ಬೇಡುವುದು. ಆ "ಝಲಅ" ಪದದಲ್ಲಿ ಬಾಗುವ ಅರ್ಥ ಇದೆ. ಹೊರೆ ಜಾಸ್ತಿಯಾಗಿ ಮನುಷ್ಯ ಒಂದು ಕಡೆ ವಾಲುತ್ತಾನಲ್ಲ, ಹಾಗೆ. ದುಆ ಗಟ್ಟಿಯಾಗಿದೆ. ಆದರೆ ಮಸೀದಿಯ ಆ ಘಟನೆಯನ್ನು ಬುಖಾರಿಯದ್ದು ಅನ್ನಬೇಡಿ.

ಮುಸಾಫಿರ್

ಸರಿ, ಒಪ್ಪಿದೆ. ಒಂದು ಪುಸ್ತಿಕೆಯಲ್ಲಿ ಎರಡನ್ನೂ ಒಂದೇ ಕಡೆ ಹಾಕಿದ್ದರು, ನಾನು ಹಾಗೇ ನೆನಪಿಟ್ಟುಕೊಂಡಿದ್ದೆ. ಆದರೆ ಅಲಿ(ರ) ಅವರ ಹದೀಸ್ ಕೂಡ ಝಈಫ್, ದುರ್ಬಲ ಅಂತ ಕೇಳಿದ್ದೇನಲ್ಲ?

ದರ್ಸ್ ವಿದ್ಯಾರ್ಥಿ

ಅದರಲ್ಲಿ ಮಾತು ಇದೆ. ತಿರ್ಮಿದಿಯವರೇ "ಹಸನ್ ಗರೀಬ್" ಅಂದಿದ್ದಾರೆ, ಅಂದರೆ ಒಪ್ಪಬಹುದಾದದ್ದು, ಆದರೆ ಒಂದೇ ದಾರಿಯಿಂದ ಬಂದದ್ದು. ಸನದಿನಲ್ಲಿ ಅಬ್ದುರ್ರಹ್ಮಾನ್ ಬಿನ್ ಇಸ್‌ಹಾಖ್ ಅನ್ನುವವರು ಬರುತ್ತಾರೆ. ಆ ಹೆಸರಿನವರು ಇಬ್ಬರು, ಅವರಲ್ಲಿ ವಾಸಿತ್‌ನವರು ದುರ್ಬಲರು. ಇಲ್ಲಿರುವವರು ಯಾರು ಅನ್ನುವುದರ ಮೇಲೆ ವಿದ್ವಾಂಸರ ತೀರ್ಮಾನ ಬೇರೆ ಬೇರೆ ಆಗುತ್ತದೆ. ಅಲ್ಬಾನಿಯವರು ಹಸನ್ ಅಂದಿದ್ದಾರೆ. ನನ್ನ ಉಸ್ತಾದರು ಅದನ್ನೇ ಹಿಡಿಯುತ್ತಾರೆ. ನೀವು ಬೇರೆ ಕಡೆ ಕೇಳಿದ್ದೂ ಸುಮ್ನೆ ಹುಟ್ಟಿದ ಮಾತಲ್ಲ.

ಕೊಟ್ಟವನು

ನನ್ನದೂ ಇದೇ ಸಮಸ್ಯೆ. ಹಣ ಬೇಗ ಬರಲು ಎಷ್ಟು ಸಲ ಹೇಳಬೇಕು?

ಹಸಿರು ಬಾಗಿಲು

ಭಾಯ್, ಇದು ಸಾಲ ತೀರಿಸಬೇಕಾದವರ ವಿಷಯ. ನಿಮಗೂ ಸಾಲ ಇದೆಯಾ?

ಕೊಟ್ಟವನು

ಇಲ್ಲ, ನಾನು ಕೊಟ್ಟವನು. ಸಂಬಂಧಿಕನೇ. ಮಗಳ ಓದಿಗೆ ಕೂಡಿಟ್ಟದ್ದನ್ನು ಬಡ್ಡಿ ಇಲ್ಲದೆ ಕೊಟ್ಟೆ. ಮೂರು ತಿಂಗಳು ಅಂದವನು ಮೂರು ವರ್ಷ ಮಾಡಿದ. ಕೇಳಿದಾಗಲೆಲ್ಲ "ಇನ್‌ಶಾ ಅಲ್ಲಾಹ್ ಮುಂದಿನ ವಾರ" ಅನ್ನುತ್ತಾನೆ. ಅವನ ಬಾಯಲ್ಲಿ ಇನ್‌ಶಾ ಅಲ್ಲಾಹ್ ಅಂದರೆ ಇಲ್ಲ ಅಂತಲೇ ಅರ್ಥ ಆಗಿಬಿಟ್ಟಿದೆ, ಅದು ನನಗೆ ಹಣಕ್ಕಿಂತ ಜಾಸ್ತಿ ನೋವು. ಇಲ್ಲಿ ಎಲ್ಲರೂ ಸಾಲಗಾರನ ದುಆ, ಸಾಲಗಾರನ ಕಣ್ಣೀರು ಅನ್ನುತ್ತೀರಿ. ಕೊಟ್ಟವನ ಮಾತು ಯಾರೂ ಆಡುವುದಿಲ್ಲ.

ಹಿರಿಯ ಓದುಗ

ಆಡಿದ್ದಾರೆ ತಮ್ಮ, ಪ್ರವಾದಿಯವರೇ(ಸ) ಆಡಿದ್ದಾರೆ. ಆಯಿಶಾ(ರ) ಹೇಳುತ್ತಾರೆ: ಅವರು ನಮಾಝಿನಲ್ಲಿ ಪಾಪದಿಂದ ಮತ್ತು ಸಾಲದಿಂದ ರಕ್ಷಣೆ ಬೇಡುತ್ತಿದ್ದರು. "ಮಿನಲ್ ಮಅ್‌ಸಮಿ ವಲ್ ಮಗ್ರಮ್" ಅನ್ನುವ ಮಾತು. ಒಬ್ಬರು ಕೇಳಿಯೇಬಿಟ್ಟರು, ಸಾಲದಿಂದ ಇಷ್ಟು ಹೆಚ್ಚಾಗಿ ಯಾಕೆ ರಕ್ಷಣೆ ಬೇಡುತ್ತೀರಿ ಅಂತ. ಉತ್ತರ ಇದು: ಮನುಷ್ಯ ಸಾಲದಲ್ಲಿ ಬಿದ್ದರೆ ಮಾತಾಡುವಾಗ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟು ಮುರಿಯುತ್ತಾನೆ. ಬುಖಾರಿಯಲ್ಲೂ ಇದೆ, ಮುಸ್ಲಿಮ್‌ನಲ್ಲೂ ಇದೆ. ಹಸಿವು, ಮರ್ಯಾದೆ ಅಂತ ಅವರು ಹೇಳಲಿಲ್ಲ. ಸುಳ್ಳು ಅಂದರು. ನಿಮ್ಮ ಸಂಬಂಧಿಕನ "ಮುಂದಿನ ವಾರ" ಇದೆಯಲ್ಲ, ಅದೇ.

ಹಸಿರು ಬಾಗಿಲು, ನಿಮ್ಮ ಅಣ್ಣನಿಗೂ ಇದನ್ನೇ ಹೇಳುತ್ತೇನೆ. ಕೊನೆಯ ಅತ್ತಹಿಯ್ಯಾತ್ ಆದ ಮೇಲೆ, ಸಲಾಮಿಗೆ ಮುಂಚೆ ಆ ಮಾತು ಸೇರಿಸಿಕೊಳ್ಳಲಿ. ಆದರೆ ಆ ಮಗುಚಿದ ಫೋನನ್ನು ಒಂದು ಸಲ ಎತ್ತಲಿ. "ಈ ತಿಂಗಳು ಆಗಲ್ಲ" ಅನ್ನುವುದು ಸುಳ್ಳಲ್ಲ. "ನಾಳೆ ಹಾಕ್ತೀನಿ" ಅನ್ನುವುದು ಸುಳ್ಳು. ಕೊಟ್ಟವರಿಗೆ ಕುರ್‌ಆನ್ ಹೇಳುವುದು ಬಕರದ 280ನೇ ಆಯತ್: ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲ ಆಗುವ ತನಕ ಕಾಯಿರಿ, ಬಿಟ್ಟುಬಿಟ್ಟರೆ ನಿಮಗೇ ಒಳ್ಳೆಯದು. ಆದರೆ ಅವನು ಕಷ್ಟದಲ್ಲಿದ್ದಾನೆ ಅಂತ ಕೊಟ್ಟವನಿಗೆ ಗೊತ್ತಾಗುವುದು ಹೇಗೆ, ಇವನು ಫೋನೇ ಎತ್ತದಿದ್ದರೆ?

ಕೊಟ್ಟವನು

ನನ್ನ ಸಂಬಂಧಿಕ ಒಂದು ದಿನ ಬಂದು ಕೂತು "ಇಲ್ಲ ಕಣಯ್ಯಾ, ಆಗ್ತಿಲ್ಲ" ಅಂದಿದ್ದರೆ ನಾನೇ ಇನ್ನೊಂದು ವರ್ಷ ಕೊಡುತ್ತಿದ್ದೆ. ಇಷ್ಟೇ ಹೇಳುತ್ತೇನೆ.

ಎರಡು ಮಕ್ಕಳ ತಾಯಿ

ನಮ್ಮ ಮನೆಯದ್ದು ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ನಮ್ಮವರಿಗೆ ಮೂರು ಕಡೆ ಸಾಲ ಇತ್ತು. ನಾನು ಈ ದುಆವನ್ನೇ ಹೇಳುತ್ತಿದ್ದೆ, ಫಜ್ರ್ ಆದ ಮೇಲೆ, ಅಡುಗೆ ಮಾಡುವಾಗ, ಅರ್ಥ ಗೊತ್ತಿಲ್ಲದೆ. ಅದೇ ವಾರ ಮೂರು ಸಾಲವನ್ನೂ ಒಟ್ಟಿಗೆ ತೀರಿಸಲು ಇನ್ನೊಬ್ಬರ ಹತ್ತಿರ ದೊಡ್ಡ ಬಡ್ಡಿಗೆ ಹಣ ತರುವ ಮಾತು ನಡೆಯುತ್ತಿತ್ತು. ನಾನೇ ಒತ್ತಾಯ ಮಾಡಿದ್ದೆ. ಒಂದು ಸಂಜೆ ಮಗಳು ಮದ್ರಸಾದಿಂದ ಬಂದವಳು ನಾನು ಹೇಳುತ್ತಿರುವುದನ್ನು ಕೇಳಿ "ಅಮ್ಮಿ, ಇದರಲ್ಲಿ ಹರಾಮ್ ಅಂತ ಯಾಕೆ ಬರುತ್ತೆ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅರ್ಥ ಹುಡುಕಿ ಓದಿದೆ. ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ. ಹರಾಮಿನಿಂದ ನನ್ನನ್ನು ದೂರ ಇಡು ಅಂತ ಬಾಯಲ್ಲಿ ಬೇಡುತ್ತಾ, ಕೈಯಲ್ಲಿ ಬಡ್ಡಿ ಕಾಗದಕ್ಕೆ ಬೇಕಾದ ಫೋಟೋ ಹುಡುಕುತ್ತಿದ್ದೆ.

ಆ ಹಣ ತರಲಿಲ್ಲ. ಬದಲಿಗೆ ಮೂವರ ಹತ್ತಿರವೂ ಹೋಗಿ ಕಂತು ಕೇಳಿದೆವು. ಇಬ್ಬರು ಒಪ್ಪಿದರು, ಒಬ್ಬರು ಬಾಗಿಲಲ್ಲೇ ಬೈದರು. ಅದು ತುಂಬ ನೋವಾಯ್ತು. ನಾಲ್ಕು ವರ್ಷ ಹಿಡಿಯಿತು. ಇನ್ನೂ ಒಂದು ಉಳಿದಿದೆ. ಮೂರನೆಯವರಿಗೆ ಮೊದಲು ಕೊಟ್ಟೆವು, ಬೈದವರಿಗೆ.

ಮುಸಾಫಿರ್

ಅಕ್ಕ, ಅಲ್ಲಾಹನು ಸುಲಭ ಮಾಡಲಿ. ಆದರೆ ನನಗೆ ಒಂದು ಪ್ರಶ್ನೆ. ಸಹಾಯ ಕೇಳಿ ಬಂದವನಿಗೆ ಅಲಿ(ರ) ಹಣ ಯಾಕೆ ಕೊಡಲಿಲ್ಲ? ದುಆ ಕಲಿಸಿ ಕಳಿಸಿಬಿಟ್ಟರಲ್ಲ. ಇದನ್ನೇ ಹಿಡಿದು ಕೆಲವರು, ದುಡ್ಡಿರುವವರೇ, ಕಷ್ಟದಲ್ಲಿ ಬಂದವನಿಗೆ "ದುಆ ಮಾಡು, ತವಕ್ಕುಲ್ ಇಡು" ಅಂತ ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ದರ್ಸ್ ವಿದ್ಯಾರ್ಥಿ

ಒಳ್ಳೆಯ ಪ್ರಶ್ನೆ. ಹದೀಸಿನಲ್ಲಿ ಕಾರಣ ಇಲ್ಲ. ಆಗ ಅವರ ಕೈಯಲ್ಲಿ ಏನೂ ಇರಲಿಲ್ಲವೇನೋ, ಬರಿಗೈಯಲ್ಲಿ ಕಳಿಸುವ ಬದಲು ಇದನ್ನು ಕೊಟ್ಟರು ಅಂತ ವಿವರಿಸಿದವರು ಇದ್ದಾರೆ. ಅದು ಊಹೆ. ಆದರೆ ಹಣ ಕೊಡಬೇಕಿಲ್ಲ ಅಂತ ಇದರಿಂದ ಹೇಳಲು ಬರುವುದಿಲ್ಲ. ಬಿಡುಗಡೆಯ ಕರಾರು ಕೇಳುವವರಿಗೆ ಅಲ್ಲಾಹನು ನಿಮಗೆ ಕೊಟ್ಟ ಸಂಪತ್ತಿನಿಂದ ಕೊಡಿ ಅಂತ ಸೂರಃ ನೂರ್‌ನ 33ನೇ ಆಯತ್‌ನಲ್ಲೇ ಇದೆ. ಝಕಾತಿನ 8 ಪಾಲುದಾರರಲ್ಲಿ ಅಂಥವರೂ ಇದ್ದಾರೆ, ಸಾಲದಲ್ಲಿ ಸಿಕ್ಕಿದವರೂ ಇದ್ದಾರೆ. ಹಸಿರು ಬಾಗಿಲು, ಅಣ್ಣನ ಸಾಲ ಹಲಾಲ್ ಕೆಲಸಕ್ಕೆ ಆದದ್ದು, ತೀರಿಸಲು ಆಸ್ತಿ ಇಲ್ಲ ಅಂತಾದರೆ ಝಕಾತ್ ಪಡೆಯಲು ಅವರಿಗೆ ಹಕ್ಕಿರಬಹುದು. ನಿಮ್ಮ ಮಸೀದಿಯ ಆಲಿಮರ ಹತ್ತಿರ ಕೂತು ಲೆಕ್ಕ ತೋರಿಸಿ ಕೇಳಿ. ಅದರಲ್ಲಿ ನಾಚಿಕೆ ಬೇಡ.

ಹಸಿರು ಬಾಗಿಲು

ಇದನ್ನು ಅಣ್ಣನಿಗೆ ಹೇಳಿದೆ. "ಯಾರ ಹಂಗೂ ಇಲ್ಲದಂತೆ ಮಾಡು ಅಂತ ಬೇಡುತ್ತಾ ಝಕಾತಿಗೆ ಕೈ ಚಾಚಲಾ?" ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಹಿರಿಯ ಓದುಗ

ಅದಕ್ಕೆ ಝುಬೈರ್(ರ) ಅವರ ಸಾಲದ ಕಥೆ ಹೇಳಬೇಕು. ಬುಖಾರಿಯಲ್ಲಿ ಉದ್ದಕ್ಕೆ ಇದೆ. ತವಕ್ಕುಲ್ ಅಂದರೆ ಏನು ಅಂತ ನನಗೆ ಅರ್ಥ ಆದದ್ದು ಅದನ್ನು ಓದಿದಾಗ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಹಿಜರಿ 36, ಜಮಲ್ ಯುದ್ಧದ ದಿನ. ಝುಬೈರ್(ರ) ಮಗ ಅಬ್ದುಲ್ಲಾರನ್ನು ಕರೆದು, ಇವತ್ತು ನಾನು ಸಾಯುತ್ತೇನೆ ಅನ್ನಿಸುತ್ತಿದೆ, ನನ್ನ ದೊಡ್ಡ ಚಿಂತೆ ನನ್ನ ಸಾಲ ಅಂದರು. ಆ ಸಾಲ ಆದದ್ದು ಹೇಗೆ ಗೊತ್ತಾ? ಜನ ಅವರ ಹತ್ತಿರ ಹಣ ಇಡಲು ಬರುತ್ತಿದ್ದರು. ಅವರು "ಬೇಡ, ಇದನ್ನು ಸಾಲ ಅಂತ ಬರೆದುಕೊಳ್ಳಿ, ಕಳೆದುಹೋದೀತು ಅಂತ ಭಯ" ಅನ್ನುತ್ತಿದ್ದರು. ಇಟ್ಟ ಹಣ ತಾನಾಗಿ ಕಳೆದರೆ ಇಟ್ಟುಕೊಂಡವನು ಕೊಡಬೇಕಿಲ್ಲ, ಸಾಲ ಆದರೆ ಕೊಡಲೇಬೇಕು. ಜನರ ಹಣ ಮುಳುಗಬಾರದು ಅಂತ ತಾವೇ ಹೊರೆ ಹೊತ್ತರು. ಕೊನೆಗೆ ಲೆಕ್ಕ ಹಾಕಿದಾಗ 22 ಲಕ್ಷ.

ಮಗನಿಗೆ ಅವರು ಹೇಳಿದ್ದು: ತೀರಿಸಲು ಎಲ್ಲಾದರೂ ಕೈಲಾಗದಿದ್ದರೆ ನನ್ನ ಮೌಲಾನ ಸಹಾಯ ಕೇಳು. ಮಗನಿಗೆ ಅರ್ಥ ಆಗಲಿಲ್ಲ. "ಅಪ್ಪಾ, ನಿಮ್ಮ ಮೌಲಾ ಯಾರು?" "ಅಲ್ಲಾಹ್." ಆಮೇಲೆ ಅಬ್ದುಲ್ಲಾ ಹೇಳುತ್ತಾರೆ, ಆ ಸಾಲದಲ್ಲಿ ಕಷ್ಟ ಬಂದಾಗಲೆಲ್ಲ ನಾನು "ಯಾ ಮೌಲಾ ಝುಬೈರ್, ಅವರ ಸಾಲ ತೀರಿಸು" ಅನ್ನುತ್ತಿದ್ದೆ, ಅವನು ತೀರಿಸುತ್ತಿದ್ದ.

ತೀರಿದ್ದು ಹೇಗೆ ಅನ್ನುವುದನ್ನು ನೋಡಿ. ಮನೆಯಲ್ಲಿ ಒಂದು ದೀನಾರ್ ಇರಲಿಲ್ಲ, ಒಂದು ದಿರ್ಹಮ್ ಇರಲಿಲ್ಲ. ಜಮೀನು ಮನೆಗಳಿದ್ದವು. ಅದರಲ್ಲಿ ಗಾಬಾ ಅನ್ನುವ ಜಮೀನನ್ನು ಝುಬೈರ್(ರ) 1,70,000ಕ್ಕೆ ಕೊಂಡಿದ್ದರು. ಅಬ್ದುಲ್ಲಾ ಅದಕ್ಕೆ 16 ಲಕ್ಷ ಬೆಲೆ ಕಟ್ಟಿ, 16 ಪಾಲು ಮಾಡಿ, ಝುಬೈರ್ ಮೇಲೆ ಯಾರಿಗೆ ಹಕ್ಕಿದೆಯೋ ಅವರು ಗಾಬಾಗೆ ಬನ್ನಿ ಅಂತ ಸಾರಿದರು. ಅಬ್ದುಲ್ಲಾ ಬಿನ್ ಜಅ್‌ಫರ್(ರ) ಬಂದರು, ಅವರಿಗೆ 4 ಲಕ್ಷ ಬರಬೇಕಿತ್ತು. "ಬೇಕಾದರೆ ಬಿಟ್ಟುಬಿಡುತ್ತೇನೆ" ಅಂದರು. ಮಗ ಬೇಡ ಅಂದರು. "ಹಾಗಾದರೆ ಕೊನೆಗೆ ಕೊಡಿ" ಅಂದರು. ಅದೂ ಬೇಡ ಅಂದರು. "ಸರಿ, ಒಂದು ತುಂಡು ಜಮೀನು ಕೊಡಿ." ಇಲ್ಲಿಂದ ಅಲ್ಲಿಯವರೆಗೆ ನಿಮ್ಮದು ಅಂದರು. ಉಳಿದ ಪಾಲುಗಳನ್ನೂ ಮಾರುತ್ತಾ ಹೋದರು, ಕೊನೆಯ ಒಂದೂವರೆ ಪಾಲನ್ನು ಮುಆವಿಯಾ(ರ) ಕೊಂಡರು.

ಸಾಲ ತೀರಿದ ಮೇಲೆ ಮನೆಯವರು ನಮ್ಮ ಪಾಲು ಹಂಚು ಅಂದರು. ಇಲ್ಲ, ನಾಲ್ಕು ವರ್ಷ ಹಜ್ಜಿನಲ್ಲಿ ಕೂಗಿ ಹೇಳುತ್ತೇನೆ, ಯಾರಿಗಾದರೂ ಬಾಕಿ ಇದ್ದರೆ ಬರಲಿ, ಆಮೇಲೆ ಹಂಚುತ್ತೇನೆ ಅಂದರು. ಹಾಗೇ ಮಾಡಿದರು.

ದುಆ ಇತ್ತು, ಮಾರಾಟವೂ ಇತ್ತು. ಜಮೀನನ್ನು ಅಳೆಯುತ್ತಿದ್ದ ಮನುಷ್ಯನೇ "ಯಾ ಮೌಲಾ" ಅನ್ನುತ್ತಿದ್ದದ್ದು. ಇನ್ನೊಂದು, ಹಕೀಮ್ ಬಿನ್ ಹಿಝಾಮ್(ರ) ಅನ್ನುವ ಹಿರಿಯರು ಸಾಲ ಎಷ್ಟು ಅಂತ ಕೇಳಿದಾಗ ಮಗ ಮೊದಲು ಬರೀ ಒಂದು ಲಕ್ಷ ಅಂದಿದ್ದರು. ಅಷ್ಟಕ್ಕೇ ನಿಮ್ಮ ಆಸ್ತಿ ಸಾಲದು ಅಂದರು ಅವರು. 22 ಲಕ್ಷ ಆದರೆ ಅಂತ ಇವರು ಕೇಳಿದಾಗ, ನಿಮ್ಮಿಂದ ಆಗುವುದಿಲ್ಲ, ಕೈಲಾಗದಿದ್ದರೆ ನನ್ನನ್ನು ಕೇಳಿ ಅಂದರು. ಸಹಾಯ ಮಾಡುವ ಜನ ಇದ್ದರು. ಅದು ತವಕ್ಕುಲಿಗೆ ಅಡ್ಡಿ ಅಂತ ಯಾರೂ ಅಂದುಕೊಳ್ಳಲಿಲ್ಲ. ಝಕಾತ್ ಕೂಡ ಯಾವನೋ ಶ್ರೀಮಂತನ ಉಪಕಾರ ಅಲ್ಲ, ಅಲ್ಲಾಹನೇ ನಿಗದಿ ಮಾಡಿದ ಪಾಲು. ಅದನ್ನು ತೆಗೆದುಕೊಂಡರೆ ಯಾರ ಹಂಗು ಬಂತು?

ಎರಡು ಮಕ್ಕಳ ತಾಯಿ

ಬಿಟ್ಟುಬಿಡುತ್ತೇನೆ ಅಂದರೂ ಬೇಡ ಅಂದದ್ದು ಓದಿ ಕಣ್ಣು ತುಂಬಿತು.

ಮುಸಾಫಿರ್

ಝುಬೈರ್(ರ) ಅವರ ಹತ್ತಿರ ಜಮೀನು ಇತ್ತು, ಸರಿ. ಏನೂ ಇಲ್ಲದವನು ಏನು ಮಾಡಬೇಕು? ನನ್ನ ಸ್ನೇಹಿತನೊಬ್ಬ ವರ್ಷಗಟ್ಟಲೆ ಈ ದುಆ ಹೇಳಿದ. ಸಾಲ ತೀರಿಸದೆಯೇ ತೀರಿಕೊಂಡ. ಅವನ ದುಆ ಏನಾಯ್ತು?

ಹಿರಿಯ ಓದುಗ

ಬುಖಾರಿಯ ಇನ್ನೊಂದು ಹದೀಸ್ ಇದೆ. ತೀರಿಸುವ ಮನಸ್ಸಿನಿಂದ ಜನರ ಹಣ ತೆಗೆದುಕೊಂಡವನ ಪರವಾಗಿ ಅಲ್ಲಾಹನು ತೀರಿಸುತ್ತಾನೆ, ಮುಳುಗಿಸುವ ಮನಸ್ಸಿನಿಂದ ತೆಗೆದುಕೊಂಡವನನ್ನು ಮುಳುಗಿಸುತ್ತಾನೆ. ಮನಸ್ಸಿದ್ದೂ ಆಗದೆ ಹೋದವನ ಪರವಾಗಿ ಅಲ್ಲಾಹನು ಆಖಿರತ್‌ನಲ್ಲಿ ಸಾಲ ಕೊಟ್ಟವನನ್ನು ಒಪ್ಪಿಸುತ್ತಾನೆ ಅಂತಲೂ ವಿದ್ವಾಂಸರು ಇದನ್ನು ವಿವರಿಸಿದ್ದಾರೆ. ಆದರೆ ಅವನ ಮನೆಯವರಿಗೆ ನಾನು ಇದನ್ನು ಸುಲಭವಾಗಿ ಹೇಳಲಾರೆ. ಸತ್ತವನ ಸಾಲ ಹಾಗೇ ಇದ್ದರೆ, ಸ್ನೇಹಿತರು ನೀವು ನಾಲ್ಕು ಜನ ಸೇರಿ ಅದನ್ನು ಎತ್ತಿಕೊಳ್ಳಲು ಆಗುತ್ತದಾ ನೋಡಿ. ಸಾಲ ಇದೆ ಅಂತ ಪ್ರವಾದಿಯವರು(ಸ) ಒಬ್ಬರ ಜನಾಝಾ ನಮಾಝ್ ಮಾಡಿಸದೆ ನಿಂತಾಗ, ಅಬೂ ಖತಾದಾ(ರ) "ಅವನ ಸಾಲ ನನ್ನ ಮೇಲೆ" ಅಂದರು. ಆಮೇಲೆ ನಮಾಝ್ ಮಾಡಿಸಿದರು.

ಮುಸಾಫಿರ್

ಎಷ್ಟಿದೆ ಅಂತ ಅವನ ತಮ್ಮನನ್ನು ಕೇಳುತ್ತೇನೆ.

ಹೊಸಬ

ನಾನು ಈಗಾಗಲೇ ಬಡ್ಡಿ ಸಾಲದಲ್ಲಿದ್ದೇನೆ. ಮೊದಲು ಬಡ್ಡಿಯದ್ದನ್ನು ತೀರಿಸಬೇಕಾ, ಬಡ್ಡಿ ಇಲ್ಲದೆ ಕೊಟ್ಟ ಸ್ನೇಹಿತನದ್ದನ್ನಾ? ದುಆದಲ್ಲಿ ಹರಾಮಿನಿಂದ ದೂರ ಇಡು ಅಂತ ಇರುವುದರಿಂದ ಬಡ್ಡಿಯದ್ದೇ ಮೊದಲು ಅಲ್ವಾ?

ದರ್ಸ್ ವಿದ್ಯಾರ್ಥಿ

ಬಡ್ಡಿ ಬೆಳೆಯುತ್ತಾ ಹೋಗುವುದರಿಂದ ಅದನ್ನು ಬೇಗ ಮುಗಿಸಿ ಅಂತ ನನಗೆ ಅನಿಸುತ್ತದೆ.

ಕೊಟ್ಟವನು

ಅಲ್ಲೇ ತಪ್ಪುವುದು. ಬಡ್ಡಿ ಕೇಳುವವನಿಗೆ ಹೆದರಿ ಮೊದಲು ಕೊಡುತ್ತೀರಿ, ಒಳ್ಳೆಯ ಮನಸ್ಸಿನಿಂದ ಕೊಟ್ಟವನು ಸುಮ್ಮನಿದ್ದಾನೆ ಅಂತ ಕೊನೆಗೆ ಇಡುತ್ತೀರಿ. ಕೊನೆಗೆ ಇಡುವುದಾದರೆ ಅವನ ಹತ್ತಿರ ಹೋಗಿ ಕೇಳಿಯಾದರೂ ಇಡಿ.

ದರ್ಸ್ ವಿದ್ಯಾರ್ಥಿ

ಅದು ಸರಿಯಾದ ಮಾತು. ವಾಯಿದೆ ಯಾರದ್ದು ಮುಗಿದಿದೆ ಅನ್ನುವುದೂ ಮುಖ್ಯ. ನಾನು ಉಸ್ತಾದರನ್ನು ಕೇಳಿ ಬರೆಯುತ್ತೇನೆ.

ಹಸಿರು ಬಾಗಿಲು

ನಿನ್ನೆ ರಾತ್ರಿ ಅಣ್ಣನಿಗೆ ಝುಬೈರ್(ರ) ಅವರದ್ದನ್ನು ಓದಿ ಹೇಳಿದೆ. ಮಾತಾಡಲಿಲ್ಲ. ಮಗನ ಹಳೇ ನೋಟ್‌ಬುಕ್ ತಂದು, ಲೆಕ್ಕದ ಪಾಠ ಇದ್ದ ಹಾಳೆಗಳನ್ನು ಮಗುಚಿ, ಖಾಲಿ ಪುಟದಲ್ಲಿ ಹೆಸರು ಬರೆಯುತ್ತಾ ಹೋದ. ಹನ್ನೊಂದು ಹೆಸರು. ಎಷ್ಟು, ಯಾವಾಗ ತೆಗೆದುಕೊಂಡದ್ದು, ಏನು ಮಾತು ಕೊಟ್ಟಿದ್ದೆ ಅಂತ ಮೂರು ಗೆರೆ ಎಳೆದು ಬರೆದ. ಹನ್ನೆರಡನೆಯದು ನಾನು ನೆನಪಿಸಿದೆ, ಅತ್ತೆ ಕೊಟ್ಟಿದ್ದ ಹಣ. ಅದು ಉಡುಗೊರೆ ಅಂದುಕೊಂಡಿದ್ದೆ ಅಂದ. ಅತ್ತೆಯನ್ನೇ ಕೇಳುತ್ತೇನೆ ಅಂತ ಆ ಹೆಸರಿನ ಮುಂದೆ ಒಂದು ಪ್ರಶ್ನೆ ಗುರುತು ಹಾಕಿದ.

ದುಆ ಹೇಳುವುದು ಬಿಟ್ಟಿಲ್ಲ. ಎಣಿಸುವುದು ಬಿಟ್ಟಿದ್ದಾನೆ. ಬೆಳಗ್ಗೆ ಇಬ್ಬರಿಗೆ ತಾನೇ ಕರೆ ಮಾಡಿದ. ಒಬ್ಬರು ಎತ್ತಲಿಲ್ಲ.